ಬೆಳೆಯುವ ಪಾದಕ್ಕೆ ಶಾಲೆಯ ಬೂಟು

ಮೇ ತಿಂಗಳ ಕೊನೆಯ ವಾರದಲ್ಲಿ, ಶಾಲೆಗಳು ಬಾಗಿಲು ತೆರೆಯುವುದಕ್ಕೆ ಇನ್ನು ನಾಲ್ಕಾರು ದಿನಗಳಿರುವಾಗ, ನಮ್ಮ ಊರುಗಳ ಪಾದರಕ್ಷೆಯ ಅಂಗಡಿಗಳಲ್ಲಿ ಕೇಳಿಬರುವ ಮಾತುಕತೆ ಬಹುಮಟ್ಟಿಗೆ ಒಂದೇ ತೆರನಾದುದು. "ಮಗು ಎಷ್ಟನೇ ಕ್ಲಾಸು?" ಎಂದು ಅಂಗಡಿಯವರು ಕೇಳುತ್ತಾರೆ, "ಮೂರನೇ ಕ್ಲಾಸು. ಬೆಳೆಯೋ ಕಾಲು, ಸ್ವಲ್ಪ ದೊಡ್ಡದೇ ಕೊಡಿ" ಎಂದು ತಾಯಿ ಹೇಳುತ್ತಾರೆ, ಮಗು ಬೂಟಿನೊಳಗೆ ಕಾಲು ತೂರಿಸಿ ಎದ್ದುನಿಲ್ಲುತ್ತದೆ, ಅಂಗಡಿಯವರು ಹೆಬ್ಬೆಟ್ಟಿನಿಂದ ಬೂಟಿನ ಮೂತಿಯನ್ನೊಮ್ಮೆ ಒತ್ತಿ "ಸರಿಯಾಗಿದೆ" ಎನ್ನುತ್ತಾರೆ. ಇಷ್ಟರಲ್ಲಿ ವ್ಯಾಪಾರ ಮುಗಿಯುತ್ತದೆ. ಈ ಸಮಸ್ತ ವ್ಯವಹಾರದಲ್ಲಿ ಮಗುವಿನ ಪಾದದ ಉದ್ದವನ್ನಾಗಲಿ, ಬೂಟಿನ ಒಳಗಿನ ಉದ್ದವನ್ನಾಗಲಿ ಯಾರೊಬ್ಬರೂ ಅಳೆಯಲಿಲ್ಲವೆಂಬುದೇ ಮುಂದೆ ಸಂಭವಿಸುವ ಹಣದ ನಷ್ಟಕ್ಕೂ ಪಾದದ ತೊಂದರೆಗೂ ಮೂಲಕಾರಣವಾಗಿರುತ್ತದೆ. ಬೂಟು ಚಿಕ್ಕದಾದರೆ ದೀಪಾವಳಿಯ ಹೊತ್ತಿಗೆ ಮತ್ತೊಂದನ್ನು ಕೊಳ್ಳಬೇಕಾಗುತ್ತದೆ. ಅತಿಯಾಗಿ ದೊಡ್ಡದಾದರೆ, ಮುಂದೆ ವಿವರಿಸುವಂತೆ, ಅದು ಕಾಲಿಗೆ ಸರಿಹೋಗುವ ಮೊದಲೇ ಹರಿದುಹೋಗುತ್ತದೆ. ಒಂದು ಅಳತೆಪಟ್ಟಿ, ಒಂದು ಪೆನ್ಸಿಲು, ಒಂದು ತುಂಡು ರಟ್ಟು ಇವಿಷ್ಟರಿಂದ ಎರಡನ್ನೂ ತಪ್ಪಿಸಬಹುದು.

ಮಗುವಿನ ಪಾದವೆಂಬುದು ದೊಡ್ಡವರ ಪಾದದ ಕಿರಿಯ ಪ್ರತಿಕೃತಿಯಲ್ಲ. ವಯಸ್ಕರ ಪಾದದಲ್ಲಿ ಗಟ್ಟಿಯಾಗಿ ನಿಂತಿರುವ ಇಪ್ಪತ್ತಾರು ಮೂಳೆಗಳಲ್ಲಿ ಅನೇಕವು ಬಾಲ್ಯದಲ್ಲಿ ಇನ್ನೂ ಭಾಗಶಃ ಮೃದ್ವಸ್ಥಿಯ ರೂಪದಲ್ಲಿಯೇ ಇರುತ್ತವೆ. ಅವು ಪೂರ್ಣವಾಗಿ ಎಲುಬಾಗಿ ಕೂಡಿಕೊಳ್ಳುವುದು ಹದಿಹರೆಯದಲ್ಲಿ. ಹೀಗೆ ಮೆದುವಾಗಿರುವ ಪಾದವು ಇಕ್ಕಟ್ಟಾದ ಬೂಟಿನೊಳಗೆ ಬೆರಳುಗಳನ್ನು ಮಡಿಸಿಕೊಂಡೋ ಒಂದರ ಮೇಲೊಂದು ಒರಗಿಸಿಕೊಂಡೋ ಹೇಗೋ ಹೊಂದಿಕೊಂಡುಬಿಡುತ್ತದೆಯಾದ್ದರಿಂದ, "ಬಿಗಿಯಾಗುತ್ತಾ?" ಎಂದು ಕೇಳಿದಾಗ ಮಗು "ಇಲ್ಲ" ಎಂದು ಪ್ರಾಮಾಣಿಕವಾಗಿಯೇ ಉತ್ತರಿಸುವುದುಂಟು. ಹೊಸ ಬೂಟು ಕೈಗೆ ಸಿಗುವ ಸಂತೋಷವೂ ಆ ಉತ್ತರದಲ್ಲಿ ಸೇರಿರುತ್ತದೆ. ಆದಕಾರಣ ಮಗುವಿನ ಮಾತನ್ನು ಕೇಳಬೇಕಾದುದು ನಿಜವಾದರೂ ಅದೊಂದನ್ನೇ ಪ್ರಮಾಣವಾಗಿ ಹಿಡಿಯತಕ್ಕುದಲ್ಲ. ವಿಯೆನ್ನಾದ ಸಂಶೋಧಕರು ಶಾಲೆಗೆ ಸೇರುವ ಮುನ್ನಿನ ವಯಸ್ಸಿನ 858 ಮಕ್ಕಳ ಪಾದಗಳನ್ನೂ ಅವರ ಬೂಟುಗಳ ಒಳ ಅಳತೆಯನ್ನೂ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೂಟು ಉದ್ದದಲ್ಲಿ ಕಡಿಮೆಯಾದಷ್ಟೂ ಹೆಬ್ಬೆರಳು ಪಕ್ಕದ ಬೆರಳುಗಳ ಕಡೆಗೆ ವಾಲುವ ಸಂಭವ ಹೆಚ್ಚಿರುವುದನ್ನು ಕಂಡುಕೊಂಡರು. ಹೀಗೆ ವಾಲಿದ ಹೆಬ್ಬೆರಳು ನಡುವಯಸ್ಸಿನಲ್ಲಿ ಬುಡದ ಗಂಟು ಉಬ್ಬಿ ನೋಯಿಸಬಲ್ಲದು.

ಹಾಗಾದರೆ ಬೂಟಿನಲ್ಲಿ ಎಷ್ಟು ಸ್ಥಳ ಹೆಚ್ಚಾಗಿರಬೇಕು? ನಡೆಯುವಾಗ ಪ್ರತಿಯೊಂದು ಹೆಜ್ಜೆಯಲ್ಲಿಯೂ ಪಾದವು ಭಾರಕ್ಕೆ ಸಿಕ್ಕಿ ತುಸು ನೀಳವಾಗುತ್ತದೆ, ಬೂಟಿನೊಳಗೆ ಸ್ವಲ್ಪ ಮುಂದಕ್ಕೂ ಜಾರುತ್ತದೆ; ಈ ಚಲನೆಗೇ ಐದಾರು ಮಿಲಿಮೀಟರು ಬೇಕು. ಅದರ ಮೇಲೆ ಬೆಳವಣಿಗೆಗೆಂದು ಇನ್ನೊಂದಷ್ಟು ಸ್ಥಳವನ್ನು ಸೇರಿಸಬೇಕು. ಮೂರರಿಂದ ಆರು ವರ್ಷದವರೆಗೆ ಪಾದವು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಆರರಿಂದ ಹತ್ತು ವರ್ಷದ ಅವಧಿಯಲ್ಲಿ ಅದಕ್ಕಿಂತ ತುಸು ಕಡಿಮೆ, ಎಂದರೆ ವರ್ಷಕ್ಕೆ ಹತ್ತು ಮಿಲಿಮೀಟರಿನ ಆಸುಪಾಸು. ಇದು ಸರಾಸರಿಯ ಮಾತು. ಒಂದು ಮಗು ನಾಲ್ಕು ತಿಂಗಳು ಬೆಳೆಯದೆ ನಿಂತು ಮುಂದಿನ ಎರಡೇ ತಿಂಗಳಲ್ಲಿ ಆ ಕೊರತೆಯನ್ನೆಲ್ಲ ತುಂಬಿಕೊಳ್ಳುವುದೂ ಉಂಟು. ಹೆಣ್ಣುಮಕ್ಕಳ ಪಾದ ಸಾಮಾನ್ಯವಾಗಿ ಹನ್ನೆರಡು ಹದಿಮೂರರ ವೇಳೆಗೆ, ಗಂಡುಮಕ್ಕಳದು ಹದಿನಾಲ್ಕು ಹದಿನೈದರ ವೇಳೆಗೆ ಬಹುತೇಕ ಪೂರ್ಣ ಉದ್ದವನ್ನು ಮುಟ್ಟುತ್ತದೆ. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಹೊಸ ಬೂಟಿನ ಒಳ ಉದ್ದವು ಪಾದದ ಉದ್ದಕ್ಕಿಂತ ಹನ್ನೆರಡರಿಂದ ಹದಿನಾಲ್ಕು ಮಿಲಿಮೀಟರು ಹೆಚ್ಚಿರಬೇಕು, ಅದು ಐದು ಮಿಲಿಮೀಟರಿಗೆ ಇಳಿದಾಗ ಬೂಟನ್ನು ಬದಲಿಸಬೇಕು ಎಂಬ ಸರಳವಾದ ನಿಯಮ ದೊರೆಯುತ್ತದೆ. ಹನ್ನೆರಡು ಮಿಲಿಮೀಟರೆಂದರೆ ದೊಡ್ಡವರ ಕಿರುಬೆರಳಿನ ಅಗಲಕ್ಕೆ ಹತ್ತಿರವಾದ ಅಳತೆ.

ಬೂಟಿನ ಮೇಲೆ ಅಚ್ಚಾಗಿರುವ ನಂಬರು ಈ ಲೆಕ್ಕವನ್ನು ನಮಗೆ ಹೇಳುವುದಿಲ್ಲವೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ನಮ್ಮಲ್ಲಿ ಬಹುವಾಗಿ ಬಳಕೆಯಲ್ಲಿರುವುದು ಇಂಗ್ಲಿಷ್ ಕ್ರಮ. ಅದರಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಒಂದು ಅಂಗುಲದ ಮೂರನೆಯ ಒಂದು ಪಾಲು, ಅಂದರೆ ಸುಮಾರು ಎಂಟೂವರೆ ಮಿಲಿಮೀಟರು. ಮಕ್ಕಳ ನಂಬರು 13ಕ್ಕೆ ಮುಗಿದು ಮತ್ತೆ 1ರಿಂದ ಪ್ರಾರಂಭವಾಗುವುದರಿಂದ 13ನೆಯ ನಂಬರಿನ ಬಳಿಕ ಬರುವುದು 14 ಅಲ್ಲ, ದೊಡ್ಡವರ ಕ್ರಮದ 1. ಇಷ್ಟನ್ನು ತಿಳಿದುಕೊಂಡರೆ "ಎರಡು ನಂಬರು ದೊಡ್ಡದು" ಎಂಬ ಮಾತಿನ ಅರ್ಥ ಹದಿನೇಳು ಮಿಲಿಮೀಟರು, ಅಂದರೆ ಒಂದೂವರೆ ವರ್ಷಕ್ಕೂ ಮಿಕ್ಕ ಬೆಳವಣಿಗೆ ಎಂಬುದು ಸ್ಪಷ್ಟವಾಗುತ್ತದೆ. ಆದರೆ ಈ ನಂಬರು ಮೂಲತಃ ಬೂಟನ್ನು ಹೊಲಿಯುವ ಅಚ್ಚಿನ ಅಳತೆಯೇ ಹೊರತು ಪಾದದ ಅಳತೆಯಲ್ಲ. ಒಬ್ಬ ತಯಾರಕರ ಅಚ್ಚು ಇನ್ನೊಬ್ಬರದಂತಿರುವುದಿಲ್ಲ. ಮೂತಿಯ ಆಕಾರ, ಒಳಹಾಸಿನ ದಪ್ಪ, ಹಿಮ್ಮಡಿಯ ಭಾಗದ ಮೆತ್ತೆ ಇವೆಲ್ಲವೂ ಒಳಗಿನ ಸ್ಥಳವನ್ನು ಕಡಿಮೆ ಮಾಡುತ್ತವೆ. ಕಳೆದ ವರ್ಷದ ನಂಬರನ್ನು ನೆನಪಿಟ್ಟುಕೊಂಡು ಅದಕ್ಕೆ ಒಂದು ಕೂಡಿಸಿ ಬೂಟು ತರುವ ಪದ್ಧತಿ ಈ ಕಾರಣದಿಂದಲೇ ವಿಶ್ವಾಸಾರ್ಹವಲ್ಲ. ಆನ್‌ಲೈನ್ ಮಾರಾಟದಲ್ಲಿ ಕೊಡುವ ಅಳತೆಯ ಕೋಷ್ಟಕವನ್ನು ನೋಡುವಾಗಲೂ ಅಲ್ಲಿ ಬರೆದಿರುವುದು ಪಾದದ ಉದ್ದವೋ ಬೂಟಿನ ಒಳ ಉದ್ದವೋ ಎಂಬುದನ್ನು ಗಮನಿಸದಿದ್ದರೆ ಒಂದು ನಂಬರಿನಷ್ಟು ತಪ್ಪು ಸುಲಭವಾಗಿ ಆಗುತ್ತದೆ.

ಅಳೆಯುವ ಕ್ರಮ ಹೀಗೆ. ದಿನದ ಓಡಾಟದಿಂದ ಪಾದ ತುಸು ಹಿಗ್ಗಿರುವ ಸಂಜೆಯ ವೇಳೆಯಲ್ಲಿ, ಶಾಲೆಗೆ ಹಾಕುವ ಕಾಲುಚೀಲವನ್ನೇ ತೊಡಿಸಿ, ಗೋಡೆಗೆ ತಾಗಿಸಿ ನೆಲದ ಮೇಲೆ ಹಾಸಿದ ಕಾಗದದ ಮೇಲೆ ಮಗುವನ್ನು ನಿಲ್ಲಿಸಬೇಕು. ಹಿಮ್ಮಡಿ ಗೋಡೆಗೆ ಮೆಲ್ಲಗೆ ತಾಗಿರಬೇಕು. ಭಾರ ಎರಡು ಕಾಲುಗಳ ಮೇಲೂ ಸಮವಾಗಿರಬೇಕು. ಕುಳಿತ ಮಗುವಿನ ಪಾದವನ್ನು ಅಳೆದರೆ ಉದ್ದ ಕಡಿಮೆ ಬರುತ್ತದೆ. ಅತ್ಯಂತ ಮುಂದಕ್ಕೆ ಚಾಚಿರುವ ಬೆರಳಿನ ತುದಿಯಲ್ಲಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಗುರುತು ಮಾಡಬೇಕು. ಈ ಬೆರಳು ಹೆಬ್ಬೆರಳೇ ಆಗಿರಬೇಕೆಂಬ ನಿಯಮವಿಲ್ಲ; ಅನೇಕರಲ್ಲಿ ಎರಡನೆಯ ಬೆರಳು ಅದಕ್ಕಿಂತ ನೀಳವಾಗಿರುತ್ತದೆ. ಅಳೆಯುವವರು ಏನು ಮಾಡುತ್ತಿದ್ದಾರೆಂದು ಮಗು ಬಗ್ಗಿ ನೋಡಿದರೆ ಭಾರ ಮುಂದಕ್ಕೆ ಸರಿದು ಹಿಮ್ಮಡಿ ಗೋಡೆಯಿಂದ ಕಳಚುತ್ತದೆಯಾದ್ದರಿಂದ, ಎದುರಿನ ಗೋಡೆಯ ಮೇಲಿನ ಯಾವುದಾದರೊಂದು ವಸ್ತುವನ್ನು ನೋಡುತ್ತಿರುವಂತೆ ಹೇಳುವುದೊಳಿತು. ಎರಡು ಕಾಲುಗಳನ್ನೂ ಅಳೆದು, ಉದ್ದವಾಗಿರುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಅನಂತರ ಒಂದು ಬೆರಳಿನ ಅಗಲದ ರಟ್ಟಿನ ಪಟ್ಟಿಯನ್ನು, ಪಾದದ ಉದ್ದಕ್ಕೆ ಹನ್ನೆರಡು ಮಿಲಿಮೀಟರು ಕೂಡಿಸಿ, ಮುಂದಿನ ತುದಿಯನ್ನು ದುಂಡಗೆ ಕತ್ತರಿಸಿಕೊಳ್ಳಬೇಕು. ಅಂಗಡಿಯಲ್ಲಿ ಈ ಪಟ್ಟಿಯನ್ನು ಬೂಟಿನೊಳಗೆ ಮೂತಿಯವರೆಗೆ ತಳ್ಳಿ ನೋಡಿದರೆ, ಅದು ಹಿಂಬದಿಯಲ್ಲಿ ಬಾಗಿ ಎದ್ದರೆ ಬೂಟು ಗಿಡ್ಡ. ಒಳಹಾಸಿನ ಮೇಲೆ ಸಪಾಟಾಗಿ ಮಲಗಿ ಹಿಂದೆ ಒಂದೆರಡು ಮಿಲಿಮೀಟರು ಉಳಿದರೆ ಸರಿಯಾದುದು. ಒಂದು ಬೆರಳು ತೂರುವಷ್ಟು ಉಳಿದರೆ ಅತಿ ದೊಡ್ಡದು. ಬೂಟಿನ ಮೂತಿಯನ್ನು ಹೊರಗಿನಿಂದ ಒತ್ತಿ ನೋಡುವ ರೂಢಿಗಿಂತ ಇದು ಎಷ್ಟೋ ಮೇಲು; ಏಕೆಂದರೆ ಮೂತಿ ಗಟ್ಟಿಯಾಗಿದ್ದರೆ ಒತ್ತಿದ ಬೆರಳಿಗೆ ಒಳಗಿನ ಸ್ಥಿತಿ ತಿಳಿಯದು, ಮತ್ತು ಒತ್ತಿದೊಡನೆ ಮಕ್ಕಳು ತಮಗೆ ಅರಿವಿಲ್ಲದಂತೆಯೇ ಬೆರಳುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ.

ನಮ್ಮ ನೆರೆಮನೆಯ, ಎಂಟು ವರ್ಷದ ಹುಡುಗಿಯೊಬ್ಬಳಿಗೆ ಬೂಟು ಕೊಂಡ ವಿವರವನ್ನು ಇಲ್ಲಿ ಹೇಳಿದರೆ ಈ ಲೆಕ್ಕ ಇನ್ನಷ್ಟು ತಿಳಿಯಾದೀತು. ಅವಳ ಎಡಪಾದ 192 ಮಿಲಿಮೀಟರು, ಬಲಪಾದ 195. ಆದ್ದರಿಂದ ರಟ್ಟಿನ ಪಟ್ಟಿ 207 ಮಿಲಿಮೀಟರಿನದು. ಅಂಗಡಿಯವರು ಅವಳ ತರಗತಿಯನ್ನು ಕೇಳಿ ಮೊದಲು ತೆಗೆದುಕೊಟ್ಟುದು 1ನೆಯ ನಂಬರಿನ, ಪಟ್ಟಿ ಕಟ್ಟುವ ಕಪ್ಪು ಬೂಟು. ಅದರಲ್ಲಿ ರಟ್ಟು ಹತ್ತು ಮಿಲಿಮೀಟರು ಹಿಂದುಳಿಯಿತು, ಅಂದರೆ ಒಳ ಉದ್ದ 217, ಪಾದಕ್ಕಿಂತ 22 ಹೆಚ್ಚು. ಅದೇ ತಯಾರಕರ 13ನೆಯ ನಂಬರಿನಲ್ಲಿ ಒಳ ಉದ್ದ 209 ಇದ್ದಿತು. ರಟ್ಟು ಸಪಾಟಾಗಿ ಕುಳಿತು ಎರಡು ಮಿಲಿಮೀಟರು ಉಳಿಯಿತು. ಬೇರೊಬ್ಬ ತಯಾರಕರ 13ನೆಯ ನಂಬರನ್ನು ತೆಗೆಸಿ ನೋಡಿದಾಗ ರಟ್ಟು ಬಾಗಿತು. ಅದರ ಒಳ ಉದ್ದ 204 ಮಾತ್ರವಾಗಿತ್ತು. ಒಂದೇ ನಂಬರಿನ ಎರಡು ಬೂಟುಗಳಲ್ಲಿ ಐದು ಮಿಲಿಮೀಟರಿನ, ಎಂದರೆ ಅರ್ಧ ವರ್ಷದ ಬೆಳವಣಿಗೆಯ ಅಂತರ! 209 ಮಿಲಿಮೀಟರಿನದನ್ನು ಆರಿಸಿದುದರಿಂದ ಅವಳಿಗೆ ಹದಿನಾಲ್ಕು ಮಿಲಿಮೀಟರಿನ ಅವಕಾಶ ಸಿಕ್ಕಿತು. ಅದು ಐದಕ್ಕೆ ಇಳಿಯುವ ಮುನ್ನ ಒಂಬತ್ತು ಮಿಲಿಮೀಟರು ಬೆಳೆಯಬೇಕು. ಸರಾಸರಿಯ ಗತಿಯಲ್ಲಿ ಅದಕ್ಕೆ ಹತ್ತು ತಿಂಗಳಿಗೂ ಮಿಕ್ಕ ಕಾಲ ಬೇಕು. ಜೂನಿನಲ್ಲಿ ಹಾಕಿದ ಬೂಟು ಮಾರ್ಚಿನ ಪರೀಕ್ಷೆಯವರೆಗೆ ನಡೆಯುತ್ತದೆ. 204 ಮಿಲಿಮೀಟರಿನದನ್ನು ಕೊಂಡಿದ್ದರೆ, ಮೊದಲ ದಿನವೇ ಒಂಬತ್ತು ಮಿಲಿಮೀಟರು ಮಾತ್ರ ಇರುವುದರಿಂದ, ದಸರಾ ರಜೆ ಕಳೆದೊಡನೆಯೇ ಬದಲಿಸಬೇಕಾಗುತ್ತಿತ್ತು.

ಹಾಗಿದ್ದರೆ 217 ಮಿಲಿಮೀಟರಿನ ಬೂಟು ಮುಂದಿನ ವರ್ಷಕ್ಕೂ ಬರುತ್ತಿರಲಿಲ್ಲವೆ ಎಂದು ಮಿತವ್ಯಯದ ದೃಷ್ಟಿಯುಳ್ಳ ತಾಯಿತಂದೆಗಳು ಕೇಳುವುದು ನ್ಯಾಯವೇ. ಬರುವುದಿಲ್ಲ, ಕಾರಣ ಬೂಟಿನ ರಚನೆಯಲ್ಲಿಯೇ ಇದೆ. ಬೂಟಿನ ಅಟ್ಟೆಯು ಒಂದು ನಿಯತವಾದ ಗೆರೆಯಲ್ಲಿ, ಬೆರಳುಗಳ ಬುಡದ ಗಂಟುಗಳು ಬರುವ ಸ್ಥಾನದಲ್ಲಿ, ಬಾಗುವಂತೆ ತಯಾರಾಗಿರುತ್ತದೆ. ಬೂಟು ಅತಿ ಉದ್ದವಾದಾಗ ಪಾದ ಬಾಗುವ ಸ್ಥಾನ ಒಂದು, ಬೂಟು ಬಾಗಬೇಕಾದ ಸ್ಥಾನ ಇನ್ನೊಂದು ಆಗುತ್ತದೆ. ಪಾದದ ಬಲಕ್ಕೆ ಸಿಕ್ಕಿದ ಅಟ್ಟೆ ಬಾಗಬಾರದೆಡೆಯಲ್ಲಿ ಬಾಗಿ, ಮೇಲ್ಭಾಗ ಅಡ್ಡಲಾಗಿ ಸುಕ್ಕುಗಟ್ಟಿ, ಕೆಲವು ತಿಂಗಳಲ್ಲಿ ಆ ಸುಕ್ಕಿನಲ್ಲಿಯೇ ಬಿರಿಯುತ್ತದೆ. ಅದೇ ಕಾಲದಲ್ಲಿ ಉದ್ದವಾದ ಮೂತಿ ನೆಲಕ್ಕೆ ಉಜ್ಜಿ ಸವೆಯುತ್ತದೆ. ಸಡಿಲವಾದ ಹಿಮ್ಮಡಿ ಹೆಜ್ಜೆಹೆಜ್ಜೆಗೂ ಮೇಲೆದ್ದು ಕೆಳಗಿಳಿಯುವುದರಿಂದ ಒಳಗಿನ ಬಟ್ಟೆ ಹರಿಯುತ್ತದೆ, ಕಾಲಿನ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಬೂಟು ಕಳಚಿಹೋಗದಂತೆ ತಡೆಯಲು ಮಗು ಬೆರಳುಗಳಿಂದ ಒಳಹಾಸನ್ನು ಕಚ್ಚಿಹಿಡಿದು ನಡೆಯುವ ಅಭ್ಯಾಸ ಮಾಡಿಕೊಳ್ಳುತ್ತದೆ. ಮೂತಿಯಲ್ಲಿ ಹತ್ತಿ ತುರುಕಿ, ಎರಡು ಕಾಲುಚೀಲ ತೊಡಿಸಿ ಬೂಟನ್ನು "ಸರಿಮಾಡುವ" ಉಪಾಯಗಳು ಜಾರುವಿಕೆಯನ್ನು ತುಸು ತಗ್ಗಿಸಬಹುದಾದರೂ ಬಾಗುವ ಗೆರೆಯನ್ನು ಅದರ ಸ್ಥಾನಕ್ಕೆ ತರಲಾರವು. ಮುಂದಿನ ವರ್ಷಕ್ಕೆಂದು ಕೊಂಡ ಬೂಟು ಮುಂದಿನ ವರ್ಷ ಬರುವ ವೇಳೆಗೆ ಉಳಿದಿರುವುದಿಲ್ಲ.

ಉದ್ದದಷ್ಟೇ ವಿಚಾರ ಮಾಡಬೇಕಾದುದು ಅಗಲ. ನಮ್ಮ ದೇಶದ ಜನರ ಪಾದಗಳು ಮುಂಭಾಗದಲ್ಲಿ ಅಗಲವಾಗಿರುವುದನ್ನು ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ನಡೆಸಿದ ಪಾದಗಳ ಅಳತೆ ತೋರಿಸಿಕೊಟ್ಟಿದೆ; ಪರದೇಶದ ಅಚ್ಚುಗಳ ಮೇಲೆ ಹೊಲಿದ ಬೂಟುಗಳು ಉದ್ದದಲ್ಲಿ ಸರಿಹೊಂದಿದರೂ ಅಗಲದಲ್ಲಿ ಬಿಗಿಯುವುದು ಇದರಿಂದಲೇ. ಅಗಲ ಸಾಲದೆಂದು ಒಂದು ನಂಬರು ಹೆಚ್ಚಿನದನ್ನು ಕೊಳ್ಳುವುದು ಒಂದು ತೊಂದರೆಯನ್ನು ಬಿಟ್ಟು ಇನ್ನೊಂದನ್ನು ಹಿಡಿದಂತೆಯೇ ಸರಿ. ಮೂತಿ ದುಂಡಗೂ ಅಗಲವಾಗಿಯೂ ಇರುವ ಬೇರೊಂದು ಮಾದರಿಯನ್ನು ಹುಡುಕಬೇಕು. ಬೂಟಿನೊಳಗಿನ ಒಳಹಾಸು ಕಳಚಿ ಬರುವಂತಿದ್ದರೆ ಅದನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಮಗುವನ್ನು ನಿಲ್ಲಿಸಿ ನೋಡಿ: ಪಾದದ ಅಂಚು ಒಳಹಾಸಿನಿಂದ ಹೊರಚೆಲ್ಲಿದರೆ ಆ ಬೂಟು ಆ ಪಾದದ್ದಲ್ಲ. ಲೇಸು, ವೆಲ್ಕ್ರೋ, ಬಕಲ್ಲು ಇವುಗಳಲ್ಲಿ ಯಾವುದಾದರೂ ಆದೀತು. ಆದರೆ ಪಾದದ ಮೇಲ್ಭಾಗವನ್ನು ಹಿಡಿದು ಹಿಮ್ಮಡಿಯನ್ನು ಹಿಂದಕ್ಕೆ ಕೂರಿಸುವ ಯಾವುದಾದರೊಂದು ಕಟ್ಟು ಇರಲೇಬೇಕು. ಕಟ್ಟಿಲ್ಲದೆ ಸುಮ್ಮನೆ ತೂರಿಸಿಕೊಳ್ಳುವ ಬೂಟು ಬಿಗಿಯಾಗಿದ್ದಾಗ ಮಾತ್ರ ಕಾಲಿನಲ್ಲಿ ನಿಲ್ಲುತ್ತದೆ, ಆದುದರಿಂದ ಬೆಳೆಯುವ ಮಕ್ಕಳಿಗೆ ಅದು ಹೊಂದುವುದಿಲ್ಲ. ಬೂಟನ್ನು ಕೈಯಲ್ಲಿ ಹಿಡಿದು ಮೂತಿಯನ್ನು ಮೇಲಕ್ಕೆ ಒತ್ತಿದಾಗ ಅದು ಬೆರಳುಗಳ ಬುಡದಲ್ಲಿ ಸಲೀಸಾಗಿ ಬಾಗಬೇಕು, ನಡುವಿನಲ್ಲಿ ಮಡಿಸಿಕೊಳ್ಳಬಾರದು.

ಇಲ್ಲಿ ನಮ್ಮ ನಾಡಿನಲ್ಲಿಯೇ ನಡೆದ ಸಂಶೋಧನೆಯೊಂದನ್ನು ಸ್ಮರಿಸುವುದು ಉಚಿತ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರಾದ ರಾವ್ ಮತ್ತು ಜೋಸೆಫ್ ಎಂಬವರು ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಪಾದದಚ್ಚುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪಾದರಕ್ಷೆ ತೊಡುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನಲ್ಲಿ ನಡೆಯುವವರಲ್ಲಿ ಅದು 2.8 ಮಾತ್ರವಾಗಿತ್ತು, ಮೂತಿ ಮುಚ್ಚಿದ ಬೂಟು ಧರಿಸುವವರಲ್ಲಿ ಅತಿ ಹೆಚ್ಚು, ಚಪ್ಪಲಿ ಸ್ಯಾಂಡಲು ತೊಡುವವರಲ್ಲಿ ಅದಕ್ಕಿಂತ ಕಡಿಮೆ ಕಂಡುಬಂದಿತು. ಇದರಿಂದ ಬೂಟನ್ನೇ ತ್ಯಜಿಸಬೇಕೆಂದು ತೀರ್ಮಾನಿಸಲಾಗದು. ಗಾಜು, ಮುಳ್ಳು, ಕಾದ ಡಾಂಬರು ಇರುವ ಹಾದಿಯಲ್ಲಿ ಕಾಲಿಗೆ ರಕ್ಷಣೆ ಬೇಕೇ ಬೇಕು. ಆದರೆ ಶಾಲೆಯಿಂದ ಬಂದೊಡನೆ ಬೂಟು ಕಳಚಿಸಿ, ಮನೆಯೊಳಗೂ ಶುಚಿಯಾದ ಅಂಗಳದಲ್ಲೂ ಬರಿಗಾಲಿನಲ್ಲಿ ಆಡಗೊಡಬೇಕೆಂಬುದಕ್ಕೆ ಇದು ಸಾಕಷ್ಟು ಆಧಾರ. ಆರು ವರ್ಷದೊಳಗಿನ ಪುಟ್ಟ ಮಕ್ಕಳ ಪಾದದ ಕಮಾನು ಕಾಣದಿರುವುದು ಬಹುಮಟ್ಟಿಗೆ ಸಹಜವೇ ಆದುದರಿಂದ, ನೋವಿಲ್ಲದ ಪಾದಕ್ಕೆ ಕಮಾನಿನ ಆಧಾರವಿರುವ ದುಬಾರಿ ಬೂಟನ್ನು ಕೊಳ್ಳುವ ಅಗತ್ಯವಿಲ್ಲ. ಅಂಗಡಿಗಳಲ್ಲಿ ಬೆಲೆ ಏರಿಸುವ ಇಂತಹ ವಿಶೇಷಗಳಿಗಿಂತ, ಸರಿಯಾದ ಉದ್ದದ, ಹಗುರವಾದ, ಸಾಧಾರಣ ಬೆಲೆಯ ಬೂಟು ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಣದ ವಿಷಯದಲ್ಲಿ ನಿಜವಾದ ಉಳಿತಾಯವಿರುವುದು ಕೊಳ್ಳುವ ಕಾಲದಲ್ಲಿ. ಏಪ್ರಿಲ್ ಆರಂಭದಲ್ಲಿ, ರಿಯಾಯಿತಿಯ ಆಸೆಗೆ, ಕೊಂಡಿಟ್ಟ ಬೂಟು ಜೂನಿನ ವೇಳೆಗೆ ಎರಡು ಮಿಲಿಮೀಟರು ಅವಕಾಶವನ್ನು ಧರಿಸದೆಯೇ ಕಳೆದುಕೊಂಡಿರುತ್ತದೆ. ಶಾಲೆಗೆ ಒಂದು ವಾರ ಮುಂಚೆ ಕೊಳ್ಳುವುದು ಸರಿ. ಕಪ್ಪು ಬೂಟನ್ನೂ ವ್ಯಾಯಾಮದ ದಿನದ ಬಿಳಿಯ ಕ್ಯಾನ್ವಾಸ್ ಬೂಟನ್ನೂ ಒಂದೇ ದಿನ ಕೊಂಡರೆ ವಾರಕ್ಕೊಂದೆರಡು ದಿನ ಮಾತ್ರ ತೊಟ್ಟ ಕ್ಯಾನ್ವಾಸು ಹೊಸದಾಗಿರುವಾಗಲೇ ಗಿಡ್ಡವಾಗಿಬಿಡುತ್ತದೆ. ಅಣ್ಣ ಅಕ್ಕಂದಿರಿಂದ ತಮ್ಮ ತಂಗಿಯರಿಗೆ ಇಳಿದುಬರಲು ಯೋಗ್ಯವಾದುದು ಇಂತಹ, ಸವೆಯದೆ ಗಿಡ್ಡವಾದ ಬೂಟೇ. ದಿನವೂ ತೊಟ್ಟು ಸವೆಸಿದ ಬೂಟು ಹಾಗಲ್ಲ. ಅದನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ಹಿಮ್ಮಡಿ ಒಂದು ಬದಿಗೆ ವಾಲಿರುವುದು ಕಾಣುತ್ತದೆ, ಒಳಹಾಸಿನಲ್ಲಿ ಮೊದಲಿನವರ ಬೆರಳುಗಳ ತಗ್ಗು ಬಿದ್ದಿರುತ್ತದೆ. ಇವೆರಡರಲ್ಲಿ ಒಂದು ಕಂಡರೂ ಅದನ್ನು ಇನ್ನೊಂದು ಮಗುವಿಗೆ ಕೊಡಬಾರದು.

ಮಲೆನಾಡು ಕರಾವಳಿಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬೂಟಿಗೆ ಇನ್ನೊಂದು ಶತ್ರುವಿದೆ. ನೆನೆದ ಬೂಟನ್ನು ಒಲೆಯ ಬಳಿಯೋ ಬಿಸಿಲಿಗೋ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕಳಚುತ್ತದೆ, ಚರ್ಮವಾದರೆ ಬಿರುಸಾಗಿ ಕುಗ್ಗುತ್ತದೆ; ಒಳಹಾಸು ತೆಗೆದು, ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತುಂಬಿ, ಅದು ಒದ್ದೆಯಾದಂತೆ ಬದಲಿಸುತ್ತ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಒದ್ದೆ ಬೂಟಿನಲ್ಲಿ ದಿನವಿಡೀ ಇದ್ದ ಕಾಲಿನ ಬೆರಳುಸಂದಿಗಳಲ್ಲಿ ಹುಣ್ಣು ಮತ್ತು ಶಿಲೀಂಧ್ರದ ಸೋಂಕು ಆಗುವುದರಿಂದ, ಮಳೆಗಾಲದಲ್ಲಿ ಹಿಂಬದಿ ಪಟ್ಟಿಯುಳ್ಳ ಸ್ಯಾಂಡಲುಗಳಿಗೆ ಶಾಲೆಗಳು ಅನುಮತಿ ಕೊಡುವುದು ಅತ್ಯಂತ ವಿವೇಕದ ಕೆಲಸ. ಕೊಡದಿರುವೆಡೆ ತಾಯಿತಂದೆಗಳು ಕೂಡಿ ಕೇಳಬೇಕು. ಕಾಲುಚೀಲದ ಕಡೆಗೂ ಗಮನವಿರಲಿ: ಒಗೆದು ಒಗೆದು ಕುಗ್ಗಿದ ಕಾಲುಚೀಲ ಸರಿಯಾದ ಬೂಟಿನೊಳಗೂ ಬೆರಳುಗಳನ್ನು ಹಿಂದಕ್ಕೆ ಎಳೆದಿಡುತ್ತದೆ.

ಕೊಂಡ ಮೇಲೆ ಎರಡು ತಿಂಗಳಿಗೊಮ್ಮೆ, ಚಿಕ್ಕ ಮಕ್ಕಳಾದರೆ ಇನ್ನೂ ಬೇಗ, ಪಾದವನ್ನು ಮತ್ತೆ ಅಳೆದು ತಾರೀಖಿನೊಡನೆ ಅದೇ ಕಾಗದದ ಮೇಲೆ ಬರೆದಿಡಬೇಕು. ಬೂಟಿನ ಒಳ ಉದ್ದ ಬದಲಾಗುವುದಿಲ್ಲವಾದ್ದರಿಂದ ಉಳಿದ ಅವಕಾಶವೆಷ್ಟೆಂಬುದು ಒಂದು ಕಳೆಯುವ ಲೆಕ್ಕದಿಂದ ತಿಳಿಯುತ್ತದೆ. ಈ ನಡುವೆ ಬೆರಳಿನ ತುದಿಯಲ್ಲಿಯೋ ಕಿರುಬೆರಳಿನ ಪಕ್ಕದಲ್ಲಿಯೋ ಕೆಂಪು ಗುರುತು ಕಂಡರೆ, ಉಗುರು ಕಪ್ಪಾದರೆ ಅಥವಾ ಮಾಂಸದೊಳಕ್ಕೆ ಇಳಿದರೆ, ಮಗು ಬೂಟಿನ ಹಿಂಬದಿಯನ್ನು ತುಳಿದು ಮಡಿಸಿಕೊಂಡು ನಡೆಯತೊಡಗಿದರೆ, ತಾರೀಖಿಗಾಗಿ ಕಾಯದೆ ಅಂದೇ ಅಳೆಯಬೇಕು. ಎಂಟರಿಂದ ಹದಿನಾಲ್ಕರ ವಯಸ್ಸಿನಲ್ಲಿ, ಆಟವಾಡಿ ಬಂದ ಮೇಲೆ ಹಿಮ್ಮಡಿ ನೋಯುತ್ತದೆಂದು ಕೆಲವು ಮಕ್ಕಳು ಹೇಳುವುದುಂಟು. ಹಿಮ್ಮಡಿಯ ಬೆಳೆಯುವ ಎಲುಬಿನ ಭಾಗ ಎಳೆತಕ್ಕೆ ಸಿಕ್ಕಿ ಬರುವ ಈ ನೋವು ಸಾಮಾನ್ಯವಾಗಿ ವಿಶ್ರಾಂತಿಯಿಂದಲೂ, ಹಿಮ್ಮಡಿಯ ಕೆಳಗೆ ತುಸು ಮೆತ್ತೆಯಿರುವ ಬೂಟಿನಿಂದಲೂ ಕಡಿಮೆಯಾಗುತ್ತದೆ. ಆದರೆ ಒಂದೇ ಕಾಲಿನಲ್ಲಿ ನೋವು ಉಳಿದುಕೊಂಡರೆ, ಮಗು ಕುಂಟಿದರೆ, ರಾತ್ರಿ ನೋವಿನಿಂದ ಎಚ್ಚರಗೊಂಡರೆ, ಅಥವಾ ತುದಿಗಾಲಲ್ಲಿ ನಿಂತಾಗಲೂ ಚಪ್ಪಟೆ ಪಾದದಲ್ಲಿ ಕಮಾನು ಮೂಡದಿದ್ದರೆ, ಬೂಟು ಬದಲಿಸುವುದರಿಂದ ತೀರುವ ವಿಷಯ ಅದಲ್ಲ, ಮೂಳೆತಜ್ಞರಿಗೆ ತೋರಿಸಬೇಕು.

ಸರ್ಕಾರಿ ಶಾಲೆಯ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಬೂಟು ಮತ್ತು ಕಾಲುಚೀಲಗಳನ್ನು ಉಚಿತವಾಗಿ ಕೊಡುವ ಯೋಜನೆಯಿದ್ದು, ಖರೀದಿಯ ಹೊಣೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೇಲಿದೆ. ಆ ಸಮಿತಿಯಲ್ಲಿರುವ ತಾಯಿತಂದೆಗಳು ತರಗತಿವಾರು ಅಂದಾಜಿನ ನಂಬರುಗಳನ್ನು ಬರೆದುಕೊಡುವ ಬದಲು, ಖರೀದಿಗೆ ಮುನ್ನ ಒಂದು ಮಧ್ಯಾಹ್ನ ತರಗತಿಯ ಗೋಡೆಯ ಬಳಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರತಿಯೊಬ್ಬರ ಪಾದವನ್ನೂ ಮಿಲಿಮೀಟರಿನಲ್ಲಿ ಅಳೆದು ಪಟ್ಟಿ ಮಾಡಿ, ಮಾರಾಟಗಾರರು ತೋರಿಸುವ ಮಾದರಿಯ ಪ್ರತಿಯೊಂದು ನಂಬರಿನ ಒಳ ಉದ್ದವನ್ನೂ ರಟ್ಟಿನಿಂದ ಪರೀಕ್ಷಿಸಿ, ಆಮೇಲೆ ಆರ್ಡರು ಕೊಡಬೇಕು. ಹೊಂದದ ಬೂಟನ್ನು ಹದಿನೈದು ದಿನಗಳೊಳಗೆ ಬದಲಿಸಿಕೊಡಬೇಕೆಂಬ ಮಾತನ್ನೂ ಆಗಲೇ ಬರೆಸಿಕೊಳ್ಳಬೇಕು.